ಕೆಂಪು ಅರಿವೆ ಕಟ್ಟಿದ ಚೀಲ

ಲೋಕಾಪುರದ ಕ್ರಾಸಿನಲ್ಲಿ ಬಸ್ಸಿಳಿದು ಮುಧೋಳದ ಕಡೆ ಹೊರಟರೆ ಎಡಗಡೆಗೆ ಶಿವಯೋಗೆಪ್ಪನವರ ಹಾರ್ಡವೇರ್ ಅಂಗಡಿ. ಹೊರಗೆ ಸಲಿಕೆ, ಬುಟ್ಟಿ, ಪೈಪುಗಳ ದಿಂಡು. ಒಳಗೆ ಗಲ್ಲೆಯ ಪಕ್ಕದ ಸ್ಟೂಲಿನ ಮೇಲೆ ಸೊಸೆ ವೈಶಾಲಿ. ಬಂದವರೆಲ್ಲ ಅವಳನ್ನು ಎದುರಿಗೇ ನೋಡುತ್ತ, ಸಾವಕಾರ್ರು ಇಲ್ಲೇನ್ರಿ ಎಂದು ಕೇಳುತ್ತಿದ್ದರು. ಮೊಳೆ ತೂಗುವ ಕೈ ಅವಳದು, ಬಿಲ್ಲು ಬರೆಯುವ ಕೈ ಅವಳದು, ಆದರೂ ಕೇಳುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ವೈಶಾಲಿ ಬನಹಟ್ಟಿಯ ಮಗ್ಗದ ಮನೆಯ ಮಗಳು. ನೂಲು ಪೂರ್ತಿ ಮುಗಿದ ಮೇಲೆ ನೂಲು ತರಲು ಹೊರಡುವವನನ್ನು ಆ ಮನೆಯಲ್ಲಿ ಮನುಷ್ಯರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನೂಲು ಬರುವ ತನಕ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಮನೆ ನಿಲ್ಲುತ್ತದೆ. ಹಾಗೆಂದು ಮನೆ ತುಂಬ ನೂಲು ಪೇರಿಸಿದರೆ ಇಲಿ ತಿನ್ನುತ್ತದೆ, ಬಣ್ಣ ಹಳತಾಗುತ್ತದೆ. ಇದು ಅವಳಿಗೆ ಯಾರೂ ಕೂಡಿಸಿ ಹೇಳಿಕೊಟ್ಟದ್ದಲ್ಲ, ಉಣ್ಣುತ್ತ ಕೇಳಿದ್ದು. ಲೋಕಾಪುರಕ್ಕೆ ಸೊಸೆಯಾಗಿ ಬಂದಳು. ಗಂಡ ಸಂಜಯ ಮೋಟಾರು ರಿಪೇರಿಯವನು, ಹೊಲದಿಂದ ಹೊಲಕ್ಕೆ ಅಲೆಯುವುದೇ ಅವನಿಗೆ ಖುಷಿ. ಅಂಗಡಿ ಅಂದರೆ ಅವನಿಗೆ ಆಕಳಿಕೆ ಬರುತ್ತಿತ್ತು. ಹೀಗಾಗಿ ಮಾವನ ಮೊಣಕಾಲು ಕೈಕೊಟ್ಟಾಗ, ಸುಮ್ಮನೆ ಕೂತಿರು ಸಾಕು ಎಂದು ಸೊಸೆಯನ್ನೇ ಕರೆದು ಕೂಡಿಸಿದರು. ಸುಮ್ಮನೆ ಕೂಡುವುದು ಅವಳ ಹಣೆಯಲ್ಲಿ ಬರೆದಿರಲಿಲ್ಲ.

ಶಿವಯೋಗೆಪ್ಪನವರು ಒಳ್ಳೆಯ ಮನುಷ್ಯ. ಊರೆಲ್ಲ ಹಾಗೇ ಹೇಳುತ್ತದೆ, ನಾನೂ ಹೇಳುತ್ತೇನೆ. ಆದರೆ ಅವರ ಖರೀದಿ ಎಂಬುದು ಖರೀದಿಯಲ್ಲ, ದಾಕ್ಷಿಣ್ಯ. ಹುಬ್ಬಳ್ಳಿಯ ಹೋಲ್‌ಸೇಲ್ ಅಂಗಡಿಯಿಂದ ಅಪ್ಪಾಸಾಬ ಎಂಬ ಮಾತಿನ ಮಲ್ಲ ಆರ್ಡರು ಬರೆದುಕೊಳ್ಳಲು ಬರುತ್ತಿದ್ದ. ಚಹಾ ಕುಡಿಯುತ್ತಿದ್ದ, ಸಾವಕಾರರ ಮೊಣಕಾಲು ವಿಚಾರಿಸುತ್ತಿದ್ದ. ಆಮೇಲೆ ಹೊಸ ಸ್ಕೀಮು ತೆಗೆಯುತ್ತಿದ್ದ: ಇಷ್ಟು ಡಜನ್ ಚಿಲಕ ತೆಗೆದುಕೊಂಡರೆ ಗೋಡೆ ಗಡಿಯಾರ ಪುಕ್ಕಟೆ. ಇವರು ಹೂಂ ಅನ್ನುತ್ತಿದ್ದರು. ಅಟ್ಟದ ಮೇಲೆ ಹಿತ್ತಾಳೆ ಚಿಲಕಗಳು ಹಸಿರುಗಟ್ಟಿ ಬಿದ್ದಿದ್ದವು. ಊರೆಲ್ಲ ಪ್ಲಾಸ್ಟಿಕ್ ಪೈಪಿಗೆ ಹೊರಳಿ ವರ್ಷಗಳಾದರೂ ಕಬ್ಬಿಣದ ಪೈಪಿನ ಸಾಮಾನು ಚೀಲಗಟ್ಟಲೆ ಇತ್ತು. ಕೆಳಗೆ ನೋಡಿದರೆ ದಿನಾ ಕೇಳುವ, ಪೈಪು ತಿರುಗಿಸುವ ಅರ್ಧ ಇಂಚಿನ ಎಲ್ಬೋ ಇಲ್ಲ, ಬೈಂಡಿಂಗ್ ತಂತಿ ಇಲ್ಲ. ಗಿರಾಕಿಗೆ, ನಾಳೆ ಬರ್ರಿ, ಮಾಲು ದಾರ್‍ಯಾಗ ಐತಿ. ದಾರಿಯಲ್ಲಿ ಏನೂ ಇರುತ್ತಿರಲಿಲ್ಲ, ಯಾಕೆಂದರೆ ಯಾರೂ ಹೇಳಿಕಳಿಸಿರುತ್ತಿರಲಿಲ್ಲ.

ಎರಡು ವರ್ಷ ಅವಳು ಇದನ್ನು ಹಲ್ಲು ಕಚ್ಚಿ ನೋಡಿದಳು. ಎರಡು ಸಾವಿರದ ಎಂಟರ ದೀಪಾವಳಿ ಕಳೆದು ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ ಮಾವನೆದುರು ಕೂತು, ಈ ಹಂಗಾಮಿನ ಖರೀದಿ ನನಗೆ ಬಿಡಿ ಎಂದು ಕೇಳಿಯೇಬಿಟ್ಟಳು. ಶಿವಯೋಗೆಪ್ಪನವರು ಬಹಳ ಹೊತ್ತು ಮೊಣಕಾಲು ತಿಕ್ಕಿದರು. ಕೊನೆಗೆ ಒಪ್ಪಿದರು, ಒಂದು ಮಾತು ಹಾಕಿ: ಸಾಮಾನಿಲ್ಲವೆಂದು ಹಂಗಾಮಿನ ಒಬ್ಬ ಗಿರಾಕಿ ಬರಿಗೈಲಿ ಹೋದರೂ ಖರೀದಿ ಮತ್ತೆ ತಮ್ಮದು. ತಾವು ವರ್ಷಗಟ್ಟಲೆ ಎಷ್ಟು ಮಂದಿಯನ್ನು ಬರಿಗೈಲಿ ಕಳಿಸಿದ್ದರು ಎಂಬುದು ಅವರ ನೆನಪಿಗೆ ಬರಲಿಲ್ಲ. ಅವಳು ನೆನಪು ಮಾಡಿಕೊಡಲಿಲ್ಲ.

ಅವಳ ಏರ್ಪಾಡು ಸರಳ. ಒಂದು ಸಾಮಾನು ದಿನಕ್ಕೆ ಎಷ್ಟು ಹೋಗುತ್ತದೆ, ಫೋನು ಮಾಡಿದ ಮೇಲೆ ಮಾಲು ಬರಲು ಎಷ್ಟು ದಿನ ಹಿಡಿಯುತ್ತದೆ, ಎರಡನ್ನೂ ಗುಣಿಸು. ಅದರ ಮೇಲೆ ಆಪತ್ತಿಗೆಂದು ಸ್ವಲ್ಪ ಸೇರಿಸು. ಅಷ್ಟನ್ನು ಬೇರೆ ಚೀಲಕ್ಕೆ ತುಂಬಿ ಬಾಯಿಗೆ ಕೆಂಪು ಅರಿವೆ ಕಟ್ಟು. ಮಾರುವುದು ಬಿಚ್ಚಿದ ಚೀಲದಿಂದ. ಅದು ಬರಿದಾಗಿ ಕೆಂಪು ಅರಿವೆಗೆ ಕೈ ಹೋಯಿತೋ, ಸಾಮಾನು ಕೊಡುವ ಮೊದಲು ಹುಬ್ಬಳ್ಳಿಗೆ ಫೋನು. ಮಾಲು ಬರುವ ತನಕ ಕಟ್ಟಿದ ಚೀಲ ಅಂಗಡಿಯ ಮಾನ ಕಾಯುತ್ತದೆ. ಯಾವಾಗಲೋ ಒಬ್ಬರು ಕೇಳುವ ಸಾಮಾನಿಗೆ ಚೀಲವೇ ಇಲ್ಲ, ಕೇಳಿದಾಗ ತರಿಸಿಕೊಡುವುದು. ಗಡಿಯಾರ ಕೊಡುವ ಸಾಮಾನಿಗೆ ಬಾಗಿಲೇ ಇಲ್ಲ. ಅಪ್ಪಾಸಾಬ ಚಹಾ ಕುಡಿದು ಬರಿಗೈಲಿ ಹೋಗುವುದನ್ನು ಕಲಿತ.

ಎಲ್ಲಕ್ಕಿಂತ ದೊಡ್ಡ ಚೀಲ ಪಿನ್ನಿನದು. ಟ್ರ್ಯಾಕ್ಟರಿಗೆ ಟ್ರೇಲರು ಜೋಡಿಸುವ ಗಟ್ಟಿ ಕಬ್ಬಿಣದ ಪಿನ್ನು. ಹೊರಲಾಗದಷ್ಟು ಕಬ್ಬು ಹೇರಿಕೊಂಡು ಆ ತಗ್ಗುದಿಣ್ಣೆಯ ರಸ್ತೆಯಲ್ಲಿ ಓಡಿದರೆ ಪಿನ್ನು ಸವೆಯುತ್ತದೆ, ಬಾಗುತ್ತದೆ, ಕಡಿಯುತ್ತದೆ. ಪಿನ್ನಿಲ್ಲದೆ ಗಾಡಿ ನಿಂತರೆ ಕಬ್ಬು ಒಣಗಿ ತೂಕ ಇಳಿಯುತ್ತದೆ. ಹಂಗಾಮಿನಲ್ಲಿ ದಿನಕ್ಕೆ ಐದು ಪಿನ್ನು ಹೋಗುತ್ತಿದ್ದವು. ಉಳಿದ ಕಾಲದಲ್ಲಿ ನಾಲ್ಕು ದಿನಕ್ಕೆ ಬರುವ ಮಾಲು ಹಂಗಾಮಿನಲ್ಲಿ ಎಂಟು ದಿನ ಹಿಡಿಯುತ್ತಿತ್ತು, ಲಾರಿಗಳೂ ಕಬ್ಬಿನ ಬೆನ್ನು ಹತ್ತುವುದರಿಂದ. ಬೇಕಾಗುವ ಕಾಲಕ್ಕೇ ಮಾಲು ತಡ. ಇದನ್ನು ಹಿಡಿದು ಅವಳು ನಲವತ್ತಕ್ಕೆ ಹತ್ತು ಸೇರಿಸಿ ಐವತ್ತು ಪಿನ್ನು ಕಟ್ಟಿಟ್ಟಳು. ಹಂಗಾಮು ಮುಗಿದು ಸಕ್ಕರೆ ಕಾರ್ಖಾನೆ ನಿಲ್ಲುವ ಮುಂಚೆ ಚೀಲ ಸಣ್ಣದು ಮಾಡುತ್ತ ಬರಬೇಕೆಂದೂ ಮನಸ್ಸಿನಲ್ಲಿ ಹಾಕಿಕೊಂಡಳು.

ಮಾಗಿ ಚಳಿ ಕಳೆಯುವ ತನಕ ಒಬ್ಬರೂ ಬರಿಗೈಲಿ ಹೋಗಲಿಲ್ಲ. ರನ್ನ ಬೆಳಗಲಿಯ ಹಣಮಪ್ಪ, ಹನ್ನೆರಡು ಟ್ರ್ಯಾಕ್ಟರು ಕಬ್ಬಿಗೆ ಬಿಟ್ಟವನು, ಬೇರೆ ಅಂಗಡಿಗಳನ್ನು ಬಿಟ್ಟು ಇಲ್ಲಿಗೇ ಬರತೊಡಗಿದ. ಸಾವಕಾರ್ರು ಇಲ್ಲೇನ್ರಿ ಎಂದು ಅವನು ಕೇಳುತ್ತಿರಲಿಲ್ಲ. ಅವಳಿಗೆ ಅದೇ ಹಬ್ಬ.

ಫೆಬ್ರವರಿಯ ಒಂದು ಬೆಳಿಗ್ಗೆ ಬಿಚ್ಚಿದ ಚೀಲ ಮುಗಿಯಿತು. ವೈಶಾಲಿ ತನ್ನ ನೇಮದಂತೆ ಮೊದಲು ಹುಬ್ಬಳ್ಳಿಗೆ ಫೋನು ಮಾಡಿದಳು. ಎಂಟು ದಿನ ಬೇಕು ಅಂದರು. ಬೇಕಾದರೆ ಬೇಕಾಗಲಿ ಎಂದು ನಿಶ್ಚಿಂತೆಯಿಂದ ಕಟ್ಟಿದ ಚೀಲ ಎಳೆದಳು. ಅದು ಹಗುರವಾಗಿ ಕೈಗೆ ಬಂತು. ಬಿಚ್ಚಿದರೆ ಒಳಗೆ ಆರೇ ಪಿನ್ನು. ಕೆಂಪು ಅರಿವೆ ಮಾತ್ರ ಚಂದವಾಗಿ, ಎರಡು ಸುತ್ತು ಹಾಕಿ, ಅವಳೇ ಕಟ್ಟಿದಂತೆ ಕಟ್ಟಿತ್ತು.

ಕಳ್ಳತನವೆಂದೇ ಅಂದುಕೊಂಡಳು. ಮಾವನನ್ನು ಕೇಳಿದಾಗ ಅವರು ಸ್ವಲ್ಪವೂ ಅಳುಕದೆ, ತಾವೇ ಮಾರಿದ್ದಾಗಿ ಹೇಳಿದರು. ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಗಲ್ಲೆಗೆ ಕೂಡುವವರು ಅವರು. ರೊಕ್ಕ ಗಲ್ಲೆಗೆ ಬಂದಿತ್ತು, ಒಂದು ಪೈಸೆ ಆಚೀಚೆ ಇರಲಿಲ್ಲ.

"ಕಟ್ಟಿದ್ದು ಬಿಚ್ಚಬ್ಯಾಡ್ರಿ ಅಂತ ಹೇಳಿದ್ನೆಲ್ರಿ ಮಾವಾರ" ಎಂದಳು.

"ಮತ್ತ ಕಟ್ಟಿ ಇಟ್ಟೀನೆಲ್ಲವಾ" ಎಂದರು ಶಿವಯೋಗೆಪ್ಪನವರು. ಆಮೇಲೆ ಮುಖ ಆಚೆ ತಿರುಗಿಸಿ, "ಬಿಚ್ಚಿದ್ದು ಕೆಳಗೈತಿ. ನನಗ ಬಗ್ಗಾಕ ಬರೂದಿಲ್ಲ. ಗಿರಾಕಿ ಮುಂದ ಹೆಂಗ ಹೇಳಲಿ" ಎಂದರು.

ಅವಳಿಗೆ ಆಗ ಹೊಳೆಯಿತು. ಕಟ್ಟಿದ ಚೀಲ ಯಾರ ಕಾಲಿಗೂ ತಾಗದಿರಲಿ, ಸದಾ ಕಣ್ಣೆದುರು ಇರಲಿ ಎಂದು ಎದೆಮಟ್ಟದ ಹಲಗೆಯ ಮೇಲೆ ಇಟ್ಟವಳು ಅವಳೇ. ದಿನಾ ಮಾರುವ ಚೀಲವನ್ನು ನೆಲದ ಮೇಲೆ ಇಟ್ಟವಳೂ ಅವಳೇ. ಮುದುಕನಿಗೆ ಕೈಗೆಟಕಿದ್ದು ಕಟ್ಟಿದ ಚೀಲವೊಂದೇ. ಗಂಟು ಹಾಗೇ ಇದ್ದರೆ ಸೊಸೆಯ ಮಾತು ನಡೆಸಿದ ಹಾಗಾಯಿತೆಂದು ಅವರು ಪಾಪ ಮನಸ್ಸಿಟ್ಟು ಕಟ್ಟಿದ್ದರು. ಲೆಕ್ಕವೆಲ್ಲ ಸರಿಯಾಗಿತ್ತು, ಒಂದು ಮೊಣಕಾಲು ಲೆಕ್ಕದಲ್ಲಿ ಇರಲಿಲ್ಲ. ತನ್ನ ಮೇಲೆ, ಮಾವನ ಮೇಲೆ, ಆ ಹಲಗೆಯ ಮೇಲೆ ಒಟ್ಟಿಗೇ ಸಿಟ್ಟು ಬಂದು ಅವಳಿಗೆ ಅಳುವುದಕ್ಕೂ ಆಗಲಿಲ್ಲ. ಅಂದೇ ಚೀಲಗಳನ್ನು ಅದಲುಬದಲು ಮಾಡಿದಳು, ಮಾರುವುದು ಮೇಲೆ, ಕಟ್ಟಿದ್ದು ಕೆಳಗೆ.

ಆರು ಪಿನ್ನು ಮರುದಿನ ಮಧ್ಯಾಹ್ನಕ್ಕೆ ಮುಗಿದವು. ಸಂಜಯ ಮೋಟಾರ್‌ಸೈಕಲ್ ಮೇಲೆ ಮುಧೋಳಕ್ಕೂ ಜಮಖಂಡಿಗೂ ಓಡಿ ಸಿಕ್ಕಷ್ಟು ತಂದ, ಅದೂ ಹೆಚ್ಚಿನ ರೇಟಿಗೆ, ಅದೂ ಎರಡು ದಿನಕ್ಕೆ ಸಾಲಲಿಲ್ಲ. ನಾಲ್ಕನೆಯ ದಿನ ಹಣಮಪ್ಪನ ಎರಡು ಗಾಡಿ ತುಂಬಿದ ಕಬ್ಬಿನ ಸಮೇತ ರಸ್ತೆಯ ಮೇಲೆ ನಿಂತವು. ಅವನು ಬಂದು ಕೇಳಿದ. ಇಲ್ಲ ಅನ್ನುವುದನ್ನು ಅವಳೇ ಅನ್ನಬೇಕಾಯಿತು. ಅವನು ಕೂಗಾಡಲಿಲ್ಲ. ಎದುರಿನ ಅಂಗಡಿಗೆ ಹೋದ, ಹಂಗಾಮು ಮುಗಿಯುವ ತನಕ ಅಲ್ಲಿಗೇ ಹೋದ.

ಹಾಕಿದ ಮಾತಿನಂತೆ ಖರೀದಿ ಮಾವನ ಕೈ ಸೇರಿತು. ನಿಮ್ಮಿಂದಲೇ ಆದದ್ದಲ್ಲವೇ ಎಂದು ಅವಳು ನೇರ ಕೇಳಿದಳು. ಅವರು ಹೌದೆಂದೇ ಒಪ್ಪಿದರು. ಒಪ್ಪಿದ್ದೇ ದೊಡ್ಡ ಆಪತ್ತಾಯಿತು. ತನ್ನ ತಪ್ಪಿಗೆ ಸೊಸೆ ಎಲ್ಲರೆದುರು ಇಲ್ಲ ಅನ್ನಬೇಕಾಯಿತಲ್ಲ ಎಂಬ ಸಂಕಟ ಅವರನ್ನು ತಿನ್ನುತ್ತಿತ್ತು. ಆ ವಾರ ಅಪ್ಪಾಸಾಬ ಬಂದಾಗ ಅವಳು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಮೊದಲೇ ಹೇಳಿದ್ದ ಮಾಲು ದಾರಿಯಲ್ಲಿದ್ದರೂ ಸಾವಕಾರರು ಒಂದೇ ಏಟಿಗೆ ಇನ್ನೂ ನಾನೂರು ಪಿನ್ನು ಬರೆಸಿದರು, ಜೊತೆಗೆ ಟ್ರೇಲರಿನ ಸರಪಳಿ. ಇನ್ನು ಈ ಅಂಗಡಿಯಲ್ಲಿ ಪಿನ್ನಿಲ್ಲ ಎಂಬ ಮಾತು ನನ್ನ ಸೊಸೆಯ ಬಾಯಿಂದ ಬರಬಾರದು ಎಂದು ಅಪ್ಪಾಸಾಬನ ಮುಂದೆ ಹೇಳಿದರಂತೆ. ಅಪ್ಪಾಸಾಬ ಕಣ್ಣೊರೆಸಿಕೊಂಡನೋ ಏನೋ, ಆರ್ಡರನ್ನಂತೂ ಬರೆದುಕೊಂಡ.

ವಿಷಯ ತಿಳಿದ ಕೂಡಲೇ ಅವಳು ಹುಬ್ಬಳ್ಳಿಗೆ ಫೋನು ಮಾಡಿದಳು. ಮಾಲು ಲಾರಿ ಏರಿತ್ತು, ಏರಿದ ಮಾಲು ವಾಪಸ್ಸಿಲ್ಲ. ಪಿನ್ನಿನ ಪೆಟ್ಟಿಗೆಗಳು ಮಾರ್ಚಿನಲ್ಲಿ ಬಂದಿಳಿದವು. ಕಬ್ಬು ಕಡಿಯುವ ಗ್ಯಾಂಗಿನವರು ಗುಡಿಸಲು ಕಿತ್ತು ಊರಿಗೆ ಹೊರಟಿದ್ದರು. ಹದಿನೈದು ದಿನದಲ್ಲಿ ಕಾರ್ಖಾನೆಯ ಹೊಗೆ ನಿಂತಿತು. ಮುನ್ನೂರೈವತ್ತಕ್ಕೂ ಹೆಚ್ಚು ಪಿನ್ನು ಅಟ್ಟಕ್ಕೇರಿದವು.

ಕಬ್ಬು ಹೋದ ಮೇಲೆ ಹೊಲದಲ್ಲಿ ಪೈಪು ಹೂಳುವ ಕಾಲ. ಎಲ್ಬೋ, ಮೂರು ಬಾಯಿಯ ಟೀ, ಪೈಪಿಗೆ ಹಚ್ಚುವ ಸೊಲ್ಯುಷನ್, ಇವು ಬಿಸಿ ಭಜಿಯಂತೆ ಹೋಗುವ ತಿಂಗಳು. ಅವಳ ಕಟ್ಟಿದ ಚೀಲಗಳು ಸರಿಯಾದ ಹೊತ್ತಿಗೇ ಬಿಚ್ಚಿಕೊಂಡವು, ಅವಳು ಸರಿಯಾದ ಹೊತ್ತಿಗೇ ಮಾವನಿಗೆ ಹೇಳಿದಳು. ಆದರೆ ಪಿನ್ನಿನ ಬಾಕಿ ತೀರುವ ತನಕ ಹೊಸ ಮಾಲು ಕಳಿಸುವುದಿಲ್ಲ ಎಂದರು ಹುಬ್ಬಳ್ಳಿಯವರು. ಅಂಗಡಿಯ ದುಡ್ಡೆಲ್ಲ ಕಬ್ಬಿಣವಾಗಿ ಅಟ್ಟದ ಮೇಲೆ ಕೂತಿತ್ತು. ಎಲ್ಬೋ ಕೇಳಿದವರಿಗೆ ವೈಶಾಲಿ ದಿನಾ ಇಲ್ಲ ಇಲ್ಲ ಅನ್ನತೊಡಗಿದಳು. ಪ್ರತಿ ಸಲವೂ ಮಾವ ಕೂತಲ್ಲೇ ಕುಗ್ಗುತ್ತಿದ್ದರು. ಪೂರ್ತಿ ಬೈಯಲೂ ಆಗದು, ಪೂರ್ತಿ ಕ್ಷಮಿಸಲೂ ಆಗದು. ಇಂಥ ಒಳ್ಳೆಯತನದ ಜೊತೆ ಬದುಕುವುದು ಎಷ್ಟು ಕಷ್ಟ ಎಂದು ಬದುಕಿದವರಿಗೇ ಗೊತ್ತು.

ಬಸವ ಜಯಂತಿ ಕಳೆದ ಮೇಲೆ ಅಪ್ಪಾಸಾಬ ಬಂದ, ಬಾಕಿ ತುಂಬಿದರೆ ಮಾಲು ಎಂಬ ಮಾತು ಹೊತ್ತು. ಚಹಾ ಕುಡಿದು, ಹಾಳೆ ತೆಗೆದು, ಅಭ್ಯಾಸದಂತೆ ಶಿವಯೋಗೆಪ್ಪನವರ ಕಡೆ ತಿರುಗಿದ. ಅವರು ಗೋಡೆಗೆ ಕೈಯೂರಿ ಎದ್ದು ನಿಂತರು.

"ನನ್ನ ಕೇಳಬ್ಯಾಡಪಾ. ಇವತ್ತಿಂದ ಖರೀದಿ ಅಕೀದು. ಅಕಿ ಹೇಳಿದ್ದ ಬರಕೋ."

ಅಪ್ಪಾಸಾಬ ಹಾಳೆಯನ್ನು ವೈಶಾಲಿಯ ಕಡೆ ಹೊರಳಿಸಿ, "ಹೇಳ್ರಿ ವೈನಿ, ಏನೇನು ಬರೀಲಿ" ಎಂದು ಕೇಳಿದ. ಈ ಮಾತಿಗಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು. ಏನು ಬೇಕು, ಎಷ್ಟು ಬೇಕು, ಎಂದಿಗೆ ಬೇಕು ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಪಿನ್ನಿನ ಬಾಕಿ ತೀರಿಸುವಷ್ಟು ರೊಕ್ಕ ಮಾತ್ರ ಗಲ್ಲೆಯಲ್ಲಿ ಇರಲಿಲ್ಲ.

"ಈ ಸಲ ಏನೂ ಬ್ಯಾಡ" ಎಂದಳು, ಅಪ್ಪಾಸಾಬನ ಕಪ್ಪುಬಸಿ ಎತ್ತಿಕೊಂಡು ಒಳಗೆ ಹೋದಳು.