ಯಾವ ಉರಿ?

ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಕಾಲದಿಂದಲೂ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಈಗ ಹಾಗೆ ಕರೆಯುವವರು ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ. ಭಾಷೆ ಬಾರದ ಊರು, ಹತ್ತಾರು ಮಹಡಿಯ ಕಟ್ಟಡ, ಅದರಲ್ಲೊಂದು ಮನೆ. ಪಾರ್ಶ್ವವಾಯು ಬಡಿದು ಮಾತು ನಿಂತುಹೋದ ಮುದುಕಿಯೊಬ್ಬರನ್ನು ನೋಡಿಕೊಳ್ಳುವುದು ಅವಳ ಕೆಲಸ. ಮುದುಕಿಯ ಮಗಳು ಬೆಳಿಗ್ಗೆ ಕಚೇರಿಗೆ ಹೋದರೆ ಬರುವುದು ಸಂಜೆಗೆ. ಬಾಗಿಲು ಒಳಗಿನಿಂದೇನೋ ತೆರೆಯುತ್ತಿತ್ತು. ಆದರೆ ಹೊರಗೆ ಕಾಲಿಟ್ಟರೆ ತಾನೇ ಮುಚ್ಚಿಕೊಂಡುಬಿಡುತ್ತಿತ್ತು. ಮತ್ತೆ ಒಳಗೆ ಬರಲು ಬಾಗಿಲಿನ ಮೇಲೆ ಒತ್ತಬೇಕಾದ ಸಂಖ್ಯೆಯನ್ನು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಹಗಲೆಲ್ಲ ಅವಳು, ಮುದುಕಿ, ಮತ್ತು ತೆರೆಯಲಾಗದ ಕಿಟಕಿಯ ಗಾಜು.

ಮಾತೆಂದರೆ ಮೊಬೈಲಿನ ಅನುವಾದದ ಆ್ಯಪ್ ಒಂದೇ. ಉದ್ದ ಬರೆದಷ್ಟೂ ತಪ್ಪು ಹೆಚ್ಚು ಎಂದುಕೊಂಡು ಅಕ್ಕ ಒಂದೊಂದೇ ಪದ ಹಾಕುತ್ತಿದ್ದಳು. ಅನ್ನ, ನೀರು, ಸೋಪು. ಇದುವರೆಗೆ ಅದರಿಂದ ತೊಂದರೆಯೇನೂ ಆಗಿರಲಿಲ್ಲ.

ಅವತ್ತು ಶೌಚಕ್ಕೆ ಕೂರಿಸಿದಾಗ ಮುದುಕಿ ಅಕ್ಕನ ತೋಳನ್ನು ಉಗುರು ನಾಟುವಂತೆ ಹಿಡಿದು ಮುಖ ಕಿವುಚಿದರು. ಹಣೆ ಮುಟ್ಟಿದರೆ ಬೆಚ್ಚಗಿತ್ತು. ಮೂತ್ರದ ವಾಸನೆಯೂ ಬೇರೆಯಾಗಿತ್ತು. ವಾರ್ಡಿನಲ್ಲಿ ಇಂಥದ್ದನ್ನು ಎಷ್ಟೋ ಕಂಡವಳು.

"ತಡೀರಿ ಅಮ್ಮಾ, ಮಗಳಿಗೆ ಹೇಳ್ತೀನಿ," ಎಂದು ಮೊಬೈಲಿನಲ್ಲಿ 'ಉರಿ' ಎಂದು ಬರೆದು, ಆ್ಯಪ್ ಕೊಟ್ಟ ಪದವನ್ನು ಕಳಿಸಿದಳು.

ಸ್ವಲ್ಪ ಹೊತ್ತಿಗೆ ಕಟ್ಟಡದ ಕಾವಲುಗಾರರಿಬ್ಬರು ಕೊಳವೆಯಿದ್ದ ಸಣ್ಣ ಕೆಂಪು ಸಿಲಿಂಡರ್ ಹಿಡಿದು ಒಳಗೆ ನುಗ್ಗಿದರು. ಒಲೆ ನೋಡಿದರು, ಸ್ವಿಚ್ಚು ಮುಟ್ಟಿದರು, ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದರು. ಅವಳಿಗೆ ತಲೆಬುಡ ತಿಳಿಯಲಿಲ್ಲ. ತಾಯಿಯ ವಿಷಯ ಎಂದು ಗೊತ್ತಾಗಲಿ ಎಂದು ಈ ಸಲ 'ತಾಯಿ' ಮತ್ತು 'ಉರಿ' ಎರಡನ್ನೂ ಬೇರೆ ಬೇರೆಯಾಗಿ ಅನುವಾದಿಸಿ ಒಟ್ಟಿಗೆ ಕಳಿಸಿದಳು.

ಮಗಳು ಏದುಸಿರು ಬಿಡುತ್ತ ಓಡಿಬಂದಳು. ಅಕ್ಕನನ್ನು ಪಕ್ಕಕ್ಕೆ ತಳ್ಳಿ, ತಾಯಿಯ ಕೈಕಾಲು, ಬೆನ್ನು ಎಲ್ಲ ತಿರುವಿ ನೋಡಿದಳು. ಸುಟ್ಟ ಗಾಯ ಹುಡುಕುತ್ತಿದ್ದಾಳೆ ಎಂದು ಅಕ್ಕನಿಗೆ ಆಗ ಹೊಳೆಯಿತು. ಕೈ ಆಡಿಸಿ ಏನೇನೋ ಹೇಳಲು ಹೋದಳು. ಮಗಳು ಬೆರಳು ತೋರಿಸಿ ಅವಳನ್ನು ಅಡುಗೆಮನೆಗೆ ಕಳಿಸಿ, ತಾಯಿಯ ಕೋಣೆಯ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಮುದುಕಿಯ ನರಳಾಟ ಕೇಳುತ್ತಿತ್ತು. ಹೊರಗೆ ಹೋಗುವಂತಿಲ್ಲ, ಒಳಗೆ ಹೋಗುವಂತಿಲ್ಲ, ಬಾಯಿ ಬಿಟ್ಟರೆ ಕೇಳುವವರಿಲ್ಲ.

ಊರಿನಲ್ಲಿದ್ದ ತಂಗಿಗೆ ಫೋನ್ ಮಾಡಿದಳು. ತಂಗಿ ಎಲ್ಲ ಕೇಳಿಸಿಕೊಂಡಳು.

"ನೀನು ಬರೀ ಉರಿ ಅಂತ ಬರೆದ್ಯಾ ಅಕ್ಕಾ?"

"ಹೂಂ. ಮತ್ತೇನು ಬರೀಬೇಕಿತ್ತು?"

"ಯಾವ ಉರಿ? ಒಲೆ ಉರೀನಾ, ಕಣ್ಣುರೀನಾ, ಹೊಟ್ಟೆ ಉರೀನಾ? ನೀನು ನನಗೆ ಫೋನ್ ಮಾಡಿ ಉರಿ ಅಂತ ಇಟ್ಬಿಟ್ರೆ ನನಗೇ ತಿಳಿಯಲ್ಲ. ಪಾಪ, ಆ ಫೋನಿಗೆ ಹೇಗೆ ತಿಳೀಬೇಕು? ಕಳಿಸಿದ ಪದಾನ ತಿರುಗಾಮುರುಗಾ ಹಾಕಿ ನೋಡು. ಕನ್ನಡದಲ್ಲಿ ಏನು ಬರುತ್ತೆ?"

ಅಕ್ಕ ಆ ಭಾಷೆಯ ಪದವನ್ನೇ ಹಾಕಿ ಕನ್ನಡಕ್ಕೆ ತಿರುಗಿಸಿದಳು. 'ಬೆಂಕಿ' ಎಂದು ಬಂತು. ಅದನ್ನು ತಂಗಿಗೆ ಓದಿ ಹೇಳುತ್ತಲೇ ಅತ್ತುಬಿಟ್ಟಳು.

"ಅಳ್ಬೇಡ. ನನ್ನ ಹತ್ರ ಹೇಳೋ ಹಾಗೇ ಪೂರ್ತಿ ವಾಕ್ಯ ಬರಿ."

'ಮೂತ್ರ ಮಾಡುವಾಗ ಉರಿಯುತ್ತದೆ' ಎಂದು ಬರೆದು, ಬಂದದ್ದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿದರೆ, 'ನನಗೆ ಮೂತ್ರ ಮಾಡುವಾಗ ಉರಿಯುತ್ತದೆ' ಎಂದಿತ್ತು. ಉರಿ ಸರಿಯಾಗಿತ್ತು, ರೋಗಿ ಬದಲಾಗಿತ್ತು. ಯಾರಿಗೆ ಎಂದು ತಾನು ಬರೆದೇ ಇಲ್ಲವಲ್ಲ. ಮತ್ತೆ ಬರೆದಳು: 'ನಿಮ್ಮ ತಾಯಿಗೆ ಮೂತ್ರ ಮಾಡುವಾಗ ಉರಿಯುತ್ತಿರುವಂತಿದೆ. ಅವರಿಗೆ ಜ್ವರವೂ ಇದೆ. ಮನೆಯಲ್ಲಿ ಬೆಂಕಿ ಬಿದ್ದಿಲ್ಲ. ದಯವಿಟ್ಟು ವೈದ್ಯರಿಗೆ ತೋರಿಸಿ.' ತಿರುಗಿಸಿ ಓದಿದಾಗ ಹೆಚ್ಚುಕಡಿಮೆ ತನ್ನ ಮಾತೇ ಬಂತು. ಕಳಿಸಿದಳು.

ಆಮೇಲೆ ತಾಯಿಯ ಕೋಣೆಯ ಬಾಗಿಲು ತೆರೆಯಿತು. ಮಗಳು ಮೊಬೈಲ್ ಹಿಡಿದು ನಿಂತಿದ್ದಳು. ಕೋಪವಿನ್ನೂ ಪೂರ್ತಿ ಇಳಿದಿರಲಿಲ್ಲ, ಆದರೆ ಅಕ್ಕನಿಗೆ ಒಳಗೆ ಬರಲು ದಾರಿ ಬಿಟ್ಟಳು.

ಮೂತ್ರದಲ್ಲಿ ಸೋಂಕು ಇದೆ ಎಂದು ವೈದ್ಯರು ಪರೀಕ್ಷೆ ಮಾಡಿ ಹೇಳಿದರು. ಮಾತ್ರೆ ಶುರುವಾದ ಮೇಲೆ ಮುದುಕಿಯ ಜ್ವರ ಇಳಿಯಿತು. ಶೌಚಕ್ಕೆ ಕೂತಾಗ ಅಕ್ಕನ ತೋಳನ್ನು ಉಗುರು ನಾಟುವಂತೆ ಹಿಡಿಯುವುದು ನಿಂತಿತು.

ಆ ವಾರದ ಕೊನೆಗೆ ಅಕ್ಕ ಇನ್ನೊಂದು ವಾಕ್ಯ ಬರೆದು, ತಿರುಗಿಸಿ ನೋಡಿ, ಮಗಳ ಮುಂದೆ ಹಿಡಿದಳು: 'ಅಮ್ಮ ಮಲಗಿರುವಾಗ ನಾನು ಸ್ವಲ್ಪ ಹೊತ್ತು ಕೆಳಗೆ ನಡೆದಾಡಿ ಬರುತ್ತೇನೆ. ಬಾಗಿಲು ತೆರೆಯುವ ಸಂಖ್ಯೆ ಹೇಳುವಿರಾ?'

ಮಗಳು ಓದಿ ಉತ್ತರ ಬರೆದಳು. ಅಕ್ಕ ಕನ್ನಡದಲ್ಲಿ ಓದಿದಳು: 'ತಾಯಿಯನ್ನು ಒಂಟಿಯಾಗಿ ಬಿಡುವಂತಿಲ್ಲ. ನಾನು ಮನೆಯಲ್ಲಿರುವ ದಿನ ಹೋಗಿ ಬನ್ನಿ.'

ಈ ಮಾತಿನಲ್ಲಿ ತಪ್ಪು ತಿಳಿಯಲು ಏನೂ ಇರಲಿಲ್ಲ. ಅಕ್ಕ ತಲೆಯಾಡಿಸಿ, ಮುದುಕಿಗೆ ನೀರು ಕುಡಿಸಲು ಒಳಗೆ ಹೋದಳು.