ಚೀಟಿಗೆ ಬಂದ ಜಾಗ

ಬೆಳುಂಕಿ ದಾರಿಯ ವಸ್ತಿಯಲ್ಲಿ ಸಂಗವ್ವ ಯಾರ ಮುಲಾಜಿಗೂ ಬೀಳುವವಳಲ್ಲ. ಹನ್ನೆರಡು ವರ್ಷ ಕುರಿ ಹಿಂದೆ ಅಲೆದವಳು. ಮಗಳು ಕಾಜಲ್ ಶಾಲೆಗೆ ಸೇರಿದ ಮೇಲೆ ಪಾಲಕರೇ ಅವಳನ್ನು ಶಾಲಾ ಸಮಿತಿಯ ಅಧ್ಯಕ್ಷೆಯನ್ನಾಗಿ ಮಾಡಿದರು. ಮುಲಾಜಿಲ್ಲದವಳು ಎಂಬ ಆ ಹೆಸರೇ ಅವಳ ದೊಡ್ಡ ಗಳಿಕೆ.

ಶಾಲೆಯ ಅಂಗಳದಲ್ಲಿ ನಡೆಯುವ ಆಟ, ತಿಂಡಿಗಳ ಮಕ್ಕಳ ಆನಂದ ಮೇಳಾವಕ್ಕೆ ನಿಯಮ ಹಾಕಿದವಳೂ ಅವಳೇ. ಮಧ್ಯದ ಬಟ್ಟೆ ಮಂಟಪದಲ್ಲಿ ಆಟಗಳು. ಒಲೆ ಹೊತ್ತಿಸುವವರೆಲ್ಲ ಪಡುವಣ ಗೋಡೆಗೆ, ಮಗ್ಗುಲಲ್ಲಿ ನೀರು, ಉಸುಕು. ಉಳಿದ ತಿಂಡಿಯವರು ಮೂಡಲ ಗೇಟಿನ ಕಡೆ. ಯಾವ ಜಾಗ ಯಾರಿಗೆ ಎಂಬುದು ಚೀಟಿಯಲ್ಲಿ, ಬಂದದ್ದು ಬದಲಾಗುವಂತಿಲ್ಲ. ಗಾಳಿ ಬಲ್ಲ ಹೆಂಗಸು ತಾನು ಎಂಬ ಹಮ್ಮಿನಲ್ಲಿ ಹಿಂದಿನ ಸಂಜೆ ಮೂಡಲಿಂದ ಬೀಸುವ ಗಾಳಿ ನೋಡಿ, ಕಿಡಿ ಮಂಟಪದ ಕಡೆ ಹಾರದಂತೆ ಒಲೆಗಳ ಸಾಲು ಗೊತ್ತುಮಾಡಿದ್ದಳು.

ಜನರೆಲ್ಲ ಹಾಯುವ ಗೇಟಿನ ಜಾಗ ಅಂಗಡಿಕಾರ ಶ್ರೀಶೈಲಪ್ಪನ ಮಂಡಕ್ಕಿ ಭೇಳಕ್ಕೆ ಬಂತು. ಮಿರ್ಚಿ ಭಜಿ ಕರಿಯುವ ನಂದಾಳಿಗೆ ಕಟ್ಟಕಡೆಯ ಮೂಲೆ. ನಂದಾ ಸಂಗವ್ವಳ ತಮ್ಮನ ಹೆಂಡತಿ.

"ಅಕ್ಕಾ, ಆ ಮೂಲ್ಯಾಗ ಯಾರ್ ಬರ್ತಾರ್ರಿ?"

"ಚೀಟಿ ಬಂದದ್ದಲ್ಲ? ಸುಮ್ನ ಕುಂದರು," ಎಂದು ಎಲ್ಲರೆದುರು ಗದರಿದ್ದಳು.

ಬೆಳಿಗ್ಗೆ ಒಲೆಗಳಿಗೆ ಕಟ್ಟಿಗೆ ಇಡುವಾಗ ಸಂಗವ್ವ ಗಾಳಿಯ ದಿಕ್ಕು ನೋಡಲು ಹೆಗಲ ಕಂಬಳಿಯ ಎಳೆ ಕಿತ್ತು ಬಿಟ್ಟಳು. ಅದು ಸೀದಾ ಮಂಟಪದ ಬಟ್ಟೆಗೆ ಹೋಗಿ ಅಂಟಿತು. ಗಾಳಿ ತಿರುಗಿತ್ತು. ಕಿಡಿ ಹಾರಿದರೆ ಮಕ್ಕಳ ನೆತ್ತಿಯ ಮೇಲೇ.

"ಒಲಿ ಹಚ್ಚಬ್ಯಾಡ್ರಿ," ಎಂದಳು. "ನಂದ ತಪ್ಪಾಗೇತಿ. ಒಲಿಗೋಳು, ನೀರು, ಉಸುಕು ಗೇಟಿನ ಕಡೆ ಹೋಗ್ಲಿ, ಉಳದವ್ರು ಈ ಕಡೆ ಬರ್ರಿ. ಚೀಟಿ ಮತ್ತ ಎತ್ತೋಣು."

ಶ್ರೀಶೈಲಪ್ಪ ಮಂಡಕ್ಕಿ ಚೀಲ ಕೆಳಗಿಟ್ಟ. "ನಿನ್ನಿ ಬದಲಾಗಂಗಿಲ್ಲ ಅಂದ್ರಿ. ಇವತ್ತ ನಾದಿನಿ ಗೇಟಿಗಿ ಬರ್ತಾಳು. ತಿಳೀತು ಬಿಡ್ರಿ."

ಹೆಡ್‌ಮಾಸ್ತರ ರೇವಪ್ಪ ಡಬ್ಬಿ ಹಿಡಿದರು, ಒಂದನೆಯ ತರಗತಿಯ ಹುಡುಗಿ ಚೀಟಿ ಎತ್ತಿದಳು. ದೇವರೇ, ಅದೊಂದು ಬೇಡ ಎಂದು ಸಂಗವ್ವ ಮನಸ್ಸಿನಲ್ಲೇ ಬೇಡಿಕೊಂಡಳು. ಗೇಟಿನ ಜಾಗ ನಂದಾಳಿಗೇ ಬಂತು.

ಹಿಂದಿನಿಂದ ಯಾರೋ ನಕ್ಕರು.

ನಂದಾ ಮುಂದೆ ಬಂದಳು. "ಅಕ್ಕಾ, ನನಗ ಬ್ಯಾಡ್ರಿ. ಬ್ಯಾರೇದವ್ರಿಗಿ ಕೊಡ್ರಿ. ನಿಮ್ಮ ಹೆಸರ ಉಳಿತೈತಿ."

ಹೂಂ ಎನ್ನುವ ಆಸೆ ಸಂಗವ್ವಳ ಗಂಟಲವರೆಗೆ ಬಂತು. ಆದರೆ ಹಾಗೆ ಮಾಡಿದರೆ, ನಿನ್ನೆ ಎಲ್ಲರೆದುರು ಗದರಿಸಿಕೊಂಡ ನಂದಾಳಿಗೆ ನಾದಿನಿಯಾದದ್ದಕ್ಕೇ ಎರಡನೆಯ ಸಲ ಅನ್ಯಾಯ.

"ಚೀಟಿ ಬಂದ ಜಾಗಾ," ಎಂದಳು. "ಹೋಗಿ ಒಲಿ ಹೂಡು."

ಸಂಜೆಯವರೆಗೂ ಅವಳು ಒಲೆಗಳ ಮಗ್ಗುಲಿನ ನೀರಿನ ಪೀಪಾಯಿಯ ಹತ್ತಿರವೇ ನಿಂತಳು. ಗೇಟಿನಲ್ಲಿ ಜನ ಮುಗಿಬಿದ್ದಿದ್ದರು, ಅವಳ ಹತ್ತಿರ ಮಾತಿಗೆ ಒಬ್ಬರೂ ಬರಲಿಲ್ಲ. ಮಂಟಪ ಬಿಚ್ಚುವ ಹೊತ್ತಿಗೆ ನಂದಾ ಪೇಪರಿನಲ್ಲಿ ಸುತ್ತಿದ ಎರಡು ಭಜಿ ತಂದು ಅವಳ ಕೈಯಲ್ಲಿಟ್ಟಳು. ತಣ್ಣಗಾಗಿದ್ದವು. ಸಂಗವ್ವ ಮರೆಮಾಡದೆ, ಶ್ರೀಶೈಲಪ್ಪನ ಕಣ್ಣೆದುರೇ ಹೋಗಿ ನಿಂತು ಎರಡನ್ನೂ ತಿಂದಳು.