ಇಳಿಯದ ಹಿಂಡು

ಹಕ್ಕಿಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬೆಳೆದದ್ದು ವಿಮಾನಪುರದ ಕ್ವಾರ್ಟರ್ಸಿನಲ್ಲಿ. ಆಕಾಶದಲ್ಲಿ ಕಿವಿ ಗುಂಯ್‌ಗುಡುವಂಥ ಸದ್ದಾದರೆ ಮಾತ್ರ ತಲೆಯೆತ್ತುವ ಅಭ್ಯಾಸ ಆಗಲೇ ಅಂಟಿಕೊಂಡಿತ್ತು. ಅಂಥವಳು ಹೋದ ವರ್ಷ ವಾರಗಟ್ಟಲೆ ಇಂದಿರಾನಗರದ ಮೊದಲ ಮಹಡಿಯ ಕೋಣೆಯೊಂದರಲ್ಲಿ ಪರದೆ ಎಳೆದುಕೊಂಡು, ಒಂದು ಪಾರಿವಾಳದ ಹಿಂಡನ್ನು ಬರೀ ಮಾತಿನಲ್ಲಿ ಹಾರಿಸಲು ಒದ್ದಾಡಿದೆ.

ಅದು ನನ್ನ ಕೆಲಸವೇ. ಮೊದಲೆಲ್ಲ ಸಿನಿಮಾದ ಒಂದೊಂದು ಫ್ರೇಮಿನಲ್ಲೂ ನಟಿಯರ ಕೂದಲಿನ ಅಂಚು ಬಿಡಿಸುತ್ತ ಕೂರುತ್ತಿದ್ದೆ. ಈಗ ಏನು ಕಾಣಬೇಕೆಂದು ವಾಕ್ಯ ಬರೆದು ಕಂಪ್ಯೂಟರಿಗೆ ಕೊಡುತ್ತೇನೆ, ಅದು ಕೆಲವು ಸೆಕೆಂಡುಗಳ ವಿಡಿಯೊ ಮಾಡಿ ಕೊಡುತ್ತದೆ. ಆ ವಾಕ್ಯಕ್ಕೆ ಪ್ರಾಂಪ್ಟ್ ಅನ್ನುತ್ತಾರೆ. ಒಡವೆ ಅಂಗಡಿ, ಅಪಾರ್ಟ್‌ಮೆಂಟು, ಮಸಾಲೆ ಪುಡಿ, ಎಲ್ಲ ಜಾಹೀರಾತಿಗೂ ನನ್ನದೇ ವಾಕ್ಯ. ಮೆಣಸಿನಕಾಯಿ ಆಕಾಶದಿಂದ ಸುರಿಯುವುದನ್ನು ನನ್ನಷ್ಟು ಚೆನ್ನಾಗಿ ಬರೆಯುವವರು ಆ ರಸ್ತೆಯಲ್ಲಿ ಯಾರೂ ಇಲ್ಲ ಎಂಬ ಜಂಬವೂ ಇತ್ತು.

ಹಿಂಡು ಕೇಳಿದವಳು ಪಕ್ಕದ ಕುರ್ಚಿಯ ಗೆಳತಿ, ನಮ್ಮ ಎಡಿಟರ್. ಶಿವಾಜಿನಗರದವಳು. ಅವಳ ಅಬ್ಬಾ ಬಟ್ಟೆ ವ್ಯಾಪಾರ ಮಾಡಿಕೊಂಡು, ಉಳಿದ ಹೊತ್ತೆಲ್ಲ ತಾರಸಿಯ ಮೇಲೆ ಪಾರಿವಾಳ ಸಾಕಿ ಹಾರಿಸಿದವರು. ಹಳೇ ಕಟ್ಟಡ ಒಡೆಯಲು ಕೊಟ್ಟು ಕೆ.ಆರ್. ಪುರದ ಫ್ಲ್ಯಾಟಿಗೆ ಬಂದ ಮೇಲೆ ಹಕ್ಕಿಗಳನ್ನು ಹಳೇ ಬಡಾವಣೆಯ ಗೆಳೆಯರೊಬ್ಬರಿಗೆ ಕೊಟ್ಟಿದ್ದರು. ಅಲ್ಲಿಂದಾಚೆಗೆ ಅವರಿಗೆ ಸಂಜೆ ಎಂದರೆ ಆಗುತ್ತಿರಲಿಲ್ಲ. ಬೆಳಕು ಇಳಿಯುತ್ತಿದ್ದಂತೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುತ್ತುವುದು, ಕುಳಿತರೆ ಏಳುವುದು, ಎಲ್ಲರ ಮೇಲೂ ಸಿಡುಕುವುದು. ದೀಪ ಹತ್ತಿ ಪೂರಾ ಕತ್ತಲಾದ ಮೇಲೇ ಸಮಾಧಾನ.

"ಅವ್ರ ಹಿಂಡು ಒಂದ್ಸಲ ಕಣ್ಮುಂದೆ ಸುತ್ತಿದ್ರೆ ಸಾಕು ಕಣೇ," ಅಂದಳು. "ಸಂಜೆ ಹೊತ್ತು ಅವ್ರು ನೆಮ್ಮದಿಯಾಗಿ ಕೂತಿದ್ದನ್ನ ನೋಡ್ಬೇಕು ನಾನು. ಅಷ್ಟೇ."

ಅವಳ ಫೋನಿನಲ್ಲಿದ್ದ ಹಳೇ ವಿಡಿಯೊಗಳಲ್ಲಿ ಹಿಂಡೆಂದರೆ ಬೂದು ಆಕಾಶದ ಮೇಲೆ ಅಲುಗಾಡುವ ಕೊಳೆ, ಅಷ್ಟೇ. ಒಂದು ಫೋಟೊ ಮಾತ್ರ ಚೆನ್ನಾಗಿತ್ತು. ಎದುರು ಮನೆಯ ತಾರಸಿಯಿಂದ, ಸ್ವಲ್ಪ ತಗ್ಗಿನಿಂದ ತೆಗೆದದ್ದು. ಮೋಟುಗೋಡೆ, ಅದರ ಹಿಂದೆ ತಲೆ ಎತ್ತಿದ ನೀರಿನ ಟ್ಯಾಂಕು, ಹಕ್ಕಿ ಎಬ್ಬಿಸಲು ತುದಿಗೆ ಬಟ್ಟೆ ಕಟ್ಟಿದ ಬಿದಿರಿನ ಕೋಲು, ಮೇಲೆ ಖಾಲಿ ಆಕಾಶ. ಅದನ್ನೇ ಮೊದಲ ಫ್ರೇಮ್ ಮಾಡಿ, ಮುಂದಿನ ಚಲನೆಯನ್ನು ನಾನು ಬರೆಯುವುದೆಂದಾಯಿತು.

ಇದೇನು ಮಹಾ ಎಂದುಕೊಂಡೆ. ನಾವು ಯಂತ್ರಕ್ಕೆ ಬರೆಯುವುದು ಇಂಗ್ಲಿಷಿನಲ್ಲಿ, ಆದರೂ ಹೇಳಿದ್ದು ಹೆಚ್ಚುಕಡಿಮೆ ಇದು: ಮುಸ್ಸಂಜೆಯಲ್ಲಿ ನೂರಾರು ಪಾರಿವಾಳಗಳು ರೆಕ್ಕೆ ಬಡಿಯುತ್ತ, ಸುತ್ತುತ್ತ, ಚದುರುತ್ತ, ಮತ್ತೆ ಕೂಡುತ್ತ ಹಾರುತ್ತಿವೆ. ಬಂದದ್ದು ಒಲೆಯ ಮೇಲೆ ಕುದಿಯುವ ರಾಗಿ ಅಂಬಲಿ. ಹಕ್ಕಿಯೊಳಗೆ ಹಕ್ಕಿ ಕರಗಿ, ಒಂದಕ್ಕೆ ಮೂರು ರೆಕ್ಕೆ ಮೂಡಿ, ಕೊನೆಗೆ ಎಲ್ಲ ಕಲಸಿ ಮಸಿಯಾಯಿತು. "ಮಸುಕು ಬೇಡ, ಕಲಸಬೇಡ" ಎಂದು ಸೇರಿಸಿದೆ. ಇನ್ನಷ್ಟು ಮಸುಕಾಯಿತು. ಬೇಡ ಎಂದದ್ದನ್ನೂ ಅದು ಎಷ್ಟೋ ಸಲ ಕೇಳಿದ್ದು ಎಂದೇ ತಿಳಿಯುತ್ತದೆ. ಕ್ಯಾಮೆರಾವನ್ನೂ ಹಿಂಡಿನ ಜೊತೆ ತಿರುಗಿಸಿದೆ. ಟ್ಯಾಂಕೂ ಹಾರತೊಡಗಿತು. ನನಗೆ ತಲೆ ಕೆಟ್ಟು, ಪಕ್ಕದವಳ ಮೇಲೆ ರೇಗಿ, ಚಹಾ ಕುಡಿದು ಬಂದು ಮತ್ತೆ ರೇಗಿದೆ.

"ನೀನು ಒಂದ್ಸಲನಾದ್ರೂ ಹಿಂಡು ನೋಡಿದ್ಯಾ?" ಅಂತ ಕೇಳಿದಳು. ಉತ್ತರಕ್ಕೆ ಕಾಯದೆ ಮಾರನೇ ಸಂಜೆ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಪರಿಚಯದವರ ತಾರಸಿಗೆ ಹತ್ತಿಸಿದಳು. ಎರಡು ಮನೆಯಾಚೆ ಯಾರೋ ಹಿಂಡು ಎಬ್ಬಿಸಿದ್ದರು.

ಮೊದಲು ನನಗೇನೂ ಕಾಣಲಿಲ್ಲ. ಒಂದು ಬಿಳೀ ಹಕ್ಕಿಯನ್ನು ಹಿಡಿದುಕೊಂಡು ಕಣ್ಣು ಓಡಿಸಿದೆ. ಅದು ಉಳಿದವುಗಳೊಳಗೆ ನುಗ್ಗಿದ ಕೂಡಲೇ ಎಲ್ಲ ಕಳೆದುಹೋಗಿ ಬರೀ ಗಿಜಿಗಿಜಿ. ಕತ್ತು ನೋಯತೊಡಗಿ, ಹುಡುಕುವುದನ್ನು ಬಿಟ್ಟು ಸುಮ್ಮನೆ ಇಡೀ ಹಿಂಡಿನ ಅಂಚನ್ನು ನೋಡಿದೆ. ಆಗ ಕಂಡಿತು. ಹಿಂಡಿಗೊಂದು ಮೈ ಇತ್ತು. ಮುಂದೆ ಸ್ವಲ್ಪ ಚೂಪು, ಹಿಂದೆ ಸಡಿಲ. ತಿರುವು ಮುಂದಿನವುಗಳಲ್ಲಿ ಶುರುವಾಗಿ ಹಿಂದಕ್ಕೆ ಹರಿಯುತ್ತಿತ್ತು. ತಿರುಗಿ ವಾಲಿದಾಗ ಎಲ್ಲದರ ಹೊಟ್ಟೆಯ ಬಿಳಿ ಒಮ್ಮೆ ಬೆಳಗಿ, ನೆಟ್ಟಗಾದ ಮೇಲೆ ಮತ್ತೆ ಕಪ್ಪಾಗುತ್ತಿತ್ತು. ಯಾವ ಹಕ್ಕಿಯೂ ಎಲ್ಲಿಗೂ ಹೋಗುತ್ತಿರಲಿಲ್ಲ. ಮೈ ಹೋಗುತ್ತಿತ್ತು. ನನಗೆ ನಾಚಿಕೆಯೇನೂ ಆಗಲಿಲ್ಲ, ಬೇಗ ಆಫೀಸಿಗೆ ಓಡಬೇಕೆನಿಸಿತು.

ಎಲ್ಲಿ ಕೆಡುತ್ತಿತ್ತೆಂದು ಆಗ ಅರ್ಥವಾಯಿತು. ನೂರಾರು ರೆಕ್ಕೆ ಎಂದರೆ ಯಂತ್ರ ನೂರಾರು ರೆಕ್ಕೆ ಬರೆಯಲು ಹೊರಡುತ್ತದೆ. ಅಷ್ಟು ದೂರದಲ್ಲಿ ಒಂದು ರೆಕ್ಕೆಗೆ ಸಿಗುವುದು ನಾಲ್ಕಾರು ಚುಕ್ಕಿ. ಮುಂದಿನ ಫ್ರೇಮಿಗೆ ಹೋಗುವಷ್ಟರಲ್ಲಿ ಯಾವ ಚುಕ್ಕಿ ಯಾವ ಹಕ್ಕಿಯದೆಂಬುದೇ ತಪ್ಪಿಹೋಗುತ್ತದೆ. ಅದರ ಮೇಲೆ ಚದುರು, ಕೂಡು, ಸುತ್ತು ಎಂದು ಒಟ್ಟೊಟ್ಟಿಗೆ ಕ್ರಿಯಾಪದ ಸುರಿದರೆ ಏನಾಗಬೇಕು?

ಎಲ್ಲ ಅಳಿಸಿ ಹೊಸದಾಗಿ ಬರೆದೆ. ಕ್ಯಾಮೆರಾ ಅಲುಗದು. ಆಕಾಶ ಬರಿದು. ಸುಮಾರು ಇಪ್ಪತ್ತು ಪಾರಿವಾಳಗಳ ಒಂದು ಹಿಂಡು, ದೂರದಲ್ಲಿ, ಹಕ್ಕಿ ಹಕ್ಕಿಯ ನಡುವೆ ತೆರಪು. ಹಿಂಡು ಒಂದೇ ಆಕಾರವಾಗಿ ಎಡದಿಂದ ಬಲಕ್ಕೆ ನಿಧಾನವಾಗಿ, ಟ್ಯಾಂಕಿನ ಮೇಲೆ ಅಗಲವಾದ ಒಂದೇ ಸುತ್ತು ಹಾಕುತ್ತದೆ. ಮುಂದಿನ ಅಂಚು ಮೊದಲು ವಾಲುತ್ತದೆ, ಉಳಿದದ್ದು ಹಿಂಬಾಲಿಸುತ್ತದೆ, ಹೊಟ್ಟೆಯ ಬಿಳಿ ಒಮ್ಮೆ ಕಾಣುತ್ತದೆ. ರೆಕ್ಕೆ ಬಡಿಯುವ ವಿಷಯ ಎತ್ತಲೇ ಇಲ್ಲ. ರೆಕ್ಕೆ ತಾನಾಗೇ ಬಂತು.

ಹಲವು ಸಲ ಓಡಿಸಿದ ಮೇಲೆ ಒಂದು ಸರಿಯಾಗಿ ಕೂತಿತು. ನಾವಿಬ್ಬರೂ ಕುರ್ಚಿ ಬಿಟ್ಟೆದ್ದು ನೋಡಿದೆವು. ಗೆಳತಿ ಅದರ ಕೊನೆಯನ್ನು ಮೊದಲಿಗೆ ಹೊಲಿದು, ಸುತ್ತು ಮುಗಿಯದ ಹಾಗೆ ಮಾಡಿದಳು. ಎಷ್ಟು ಹೊತ್ತು ಬೇಕಾದರೂ ಹಿಂಡು ಸುತ್ತುತ್ತಲೇ ಇರುತ್ತಿತ್ತು. ಅದು ನಮಗೆ ದೊಡ್ಡ ಸಾಧನೆಯಾಗಿ ಕಂಡಿತು.

ಆ ಭಾನುವಾರ ಸಂಜೆ ಲ್ಯಾಪ್‌ಟಾಪು ಹಿಡಿದು ಕೆ.ಆರ್. ಪುರಕ್ಕೆ ಹೋದೆವು. ಅಂಕಲ್ ಆಗಲೇ ಹಾಲಿಗೂ ಅಡುಗೆಮನೆಗೂ ನಡುವೆ ಸುತ್ತುತ್ತಿದ್ದರು. ಮಗಳು ಕೈ ಹಿಡಿದು ಕೂರಿಸಿದಳು. ವಿಡಿಯೊ ಶುರುವಾದಾಗ ಅವರು ಮುಂದಕ್ಕೆ ಬಾಗಿದರು. ಹಿಂಡು ಟ್ಯಾಂಕಿನ ಮೇಲೆ ವಾಲಿ ಬಿಳಿ ತೋರಿದಾಗ, "ಅರೇ, ನಮ್ಮದೇ!" ಅಂದರು. ಗೆಳತಿ ನನ್ನ ಮೊಣಕೈ ಚಿವುಟಿದಳು.

ಹಿಂಡು ಇನ್ನೊಂದು ಸುತ್ತು ಬಂತು. ಮತ್ತೊಂದು. ಅವರ ಮುಖ ಬಿಗಿಯತೊಡಗಿತು.

"ಯಾಕೆ ಇಳೀತಿಲ್ಲ?"

"ಹಾಗೇ ಮಾಡಿರೋದು ಅಬ್ಬಾ. ನಿಲ್ಲೋದೇ ಇಲ್ಲ ಅದು," ಎಂದಳು ಗೆಳತಿ, ಖುಷಿಯಲ್ಲೇ.

"ಬೆಳಕು ಹೋಗ್ತಾ ಇದೆ. ಇಳಿಸು ಬೇಟಾ." ಎದ್ದು ನಿಂತರು. "ಇಳಿಸು ಅಂದ್ನಲ್ಲಾ!"

ನನಗೆ ಒಳಗೊಳಗೇ ಸಿಟ್ಟು ಬಂತು, ನಿಜ ಹೇಳುತ್ತೇನೆ. ಇಷ್ಟು ಕಷ್ಟಪಟ್ಟು ಹಾರಿಸಿದ್ದೇನೆ, ಈಗ ಇಳಿಸಬೇಕಂತೆ. "ಅಂಕಲ್, ಇದು ಕಂಪ್ಯೂಟರ್ ಮಾಡಿದ್ದು, ನಿಜವಾದ ಹಕ್ಕಿಗಳಲ್ಲ," ಅಂದೆ.

"ನನಗೆ ಗೊತ್ತಮ್ಮಾ. ತಲೆ ಕೆಟ್ಟಿಲ್ಲ ನನಗೆ," ಎಂದರು. "ಆದ್ರೂ ಇದನ್ನ ನಾನು ಒಂದ್ಸಲ ನೋಡಿದೀನಿ. ಇನ್ನೊಂದ್ಸಲ ಆಗಲ್ಲ."

ಗೆಳತಿ ವಿಡಿಯೊ ನಿಲ್ಲಿಸಿದಳು. ಆಮೇಲೆ ಅವರು ಹೇಳಿದ್ದನ್ನು ಅವಳೂ ಅವತ್ತೇ ಮೊದಲ ಸಲ ಕೇಳಿದ್ದು. ಪಾರಿವಾಳವನ್ನು ಬೇರೆ ಮನೆಗೆ ಕೊಟ್ಟರೆ, ಹೊಸ ಗೂಡು ರೂಢಿಯಾಗುವ ತನಕ ರೆಕ್ಕೆಯ ಗರಿಗಳಿಗೆ ದಾರ ಕಟ್ಟಿಡುತ್ತಾರೆ. ಇಲ್ಲದಿದ್ದರೆ ಹಾರಬಿಟ್ಟ ತಕ್ಷಣ ಹಳೇ ತಾರಸಿಗೇ ಮರಳುತ್ತವೆ. ಇವರು ದಿನಾ ಹೋಗಿ ನೋಡುತ್ತಿದ್ದರು. ಕಟ್ಟಿದ ರೆಕ್ಕೆಯಲ್ಲಿ ನೆಲದ ಮೇಲೆ ಕುಪ್ಪಳಿಸುವುದನ್ನು ನೋಡಲಾಗದೆ, ಸಾಕು ಬಿಚ್ಚಪ್ಪಾ ಎಂದು ಗೆಳೆಯನ ಕೈಕಾಲು ಹಿಡಿದು ಅವಧಿಗೆ ಮೊದಲೇ ದಾರ ಬಿಚ್ಚಿಸಿದರು. ಅವತ್ತು ಸಂಜೆ ಹಕ್ಕಿಗಳು ಎದ್ದವು, ನೇರ ಹಳೇ ಮನೆಗೆ ಹೋದವು. ಅಲ್ಲಿ ತಾರಸಿ ಇರಲಿಲ್ಲ. ಒಡೆದು ಮುಗಿದಿತ್ತು. ಇವರು ರಸ್ತೆಯಲ್ಲಿ ನಿಂತು ಜೋಳ ಎರಚಿ, ಆವೋ ಆವೋ ಎಂದು ಕೂಗಿದರಂತೆ. ಅಂಗಡಿ, ಆಟೋ, ಜನ. ಅಲ್ಲಿಗೆ ಯಾವ ಹಕ್ಕಿ ಇಳಿದೀತು? ತಾರಸಿ ಇದ್ದ ಜಾಗದ ಮೇಲೆ, ಅದೇ ಎತ್ತರದಲ್ಲಿ ಸುತ್ತಿದವು. ಕಣ್ಣಿಗೆ ಕಾಣುವವರೆಗೂ ಸುತ್ತುತ್ತಲೇ ಇದ್ದವು. ಬೆಳಿಗ್ಗೆ ಕೆಲವು ಗೆಳೆಯನ ಗೂಡಿಗೆ ಬಂದವು. ಉಳಿದವು ಏನಾದವೋ ತಿಳಿಯಲಿಲ್ಲ.

"ಕತ್ತಲಾದ್ರೆ ಅವಕ್ಕೆ ಕಣ್ಣು ಕಾಣಲ್ಲ. ನಾನೇ ಬಿಚ್ಚಿಸಿದ್ದು," ಎಂದರು.

ನಾವು ಅವರ ಆ ಸಂಜೆಯನ್ನೇ ಮಾಡಿ, ಮುಗಿಯದ ಹಾಗೆ ಹೊಲಿದು, ಮನೆಗೆ ತಂದು ತೋರಿಸಿದ್ದೆವು. ವಾಪಸ್ಸು ಬರುವಾಗ ಟಿನ್ ಫ್ಯಾಕ್ಟರಿ ಸ್ಟಾಪು ದಾಟುವವರೆಗೆ ನಾನು ಒಬ್ಬಳೇ ಆಟೋದಲ್ಲಿ ಅತ್ತೆ.

ಸೋಮವಾರ ಜಾಹೀರಾತಿನ ಕೆಲಸವೆಲ್ಲ ಬದಿಗಿಟ್ಟು ಹಿಂಡನ್ನು ಇಳಿಸಲು ಕೂತೆ. ಅದು ಹಾರಿಸುವುದಕ್ಕಿಂತ ಕಷ್ಟ. ಗೋಡೆಯ ಮೇಲೆ ಕೂರಿಸಿದರೆ ಕಾಲು ಇಟ್ಟಿಗೆಯೊಳಗೆ ಸೇರುತ್ತಿತ್ತು. ಎರಡು ಹಕ್ಕಿ ಒಟ್ಟಿಗೆ ಇಳಿದರೆ ಅಂಟಿ ಒಂದಾಗುತ್ತಿತ್ತು. ಒಂದು ಟ್ಯಾಂಕಿನ ಮುಚ್ಚಳವೇ ಆಗಿಹೋಯಿತು. ಅವರಿಗೆ ಇದನ್ನು ತೋರಿಸುವ ಹಾಗೇ ಇರಲಿಲ್ಲ. ಉಗುರು ಕಚ್ಚುತ್ತ ಮತ್ತೆ ಮತ್ತೆ ಬರೆದೆ.

ಕೊನೆಗೆ, ಹಕ್ಕಿ ಕೂರುವುದನ್ನು ತೋರಿಸಲೇಬೇಕೆಂದು ಯಾರು ಹೇಳಿದರು ಅನಿಸಿತು. ಫೋಟೊ ತೆಗೆದದ್ದೇ ತಗ್ಗಿನಿಂದ. ಮೋಟುಗೋಡೆಯ ಹಿಂದೆ ತಾರಸಿಯ ನೆಲ ಕಾಣುವುದೇ ಇಲ್ಲ. ಬರೆದೆ: ಹಿಂಡು ಒಂದೇ ಆಕಾರವಾಗಿ, ಅರ್ಧ ಸುತ್ತು ಬಂದು, ವೇಗ ತಗ್ಗಿಸಿ, ಮುಂದಿನ ಅಂಚು ಮೊದಲಾಗಿ ಗೋಡೆಯ ಹಿಂದಕ್ಕೆ ಇಳಿದು ಮರೆಯಾಗುತ್ತದೆ. ಕೊನೆಯ ಹಕ್ಕಿಯೂ ಮರೆಯಾದ ಮೇಲೆ ಆಕಾಶ ಖಾಲಿ. ಏನೂ ಅಲುಗುವುದಿಲ್ಲ.

ಈ ಸಲ ಗೆಳತಿ ಏನನ್ನೂ ಹೊಲಿಯಲಿಲ್ಲ. ಅದೇ ಫ್ಲ್ಯಾಟು, ಅದೇ ಹೊತ್ತು. ಅಂಕಲ್ ಕೂರಲು ಒಪ್ಪದೆ ಕುರ್ಚಿಯ ಹಿಂದೆ ನಿಂತೇ ನೋಡಿದರು. ಹಿಂಡು ಬಂತು, ವಾಲಿತು, ಬಿಳಿ ತೋರಿತು, ಗೋಡೆಯ ಹಿಂದೆ ಇಳಿಯತೊಡಗಿತು. ಒಂದು ಹಕ್ಕಿ ಸ್ವಲ್ಪ ಹಿಂದೆ ಬಿದ್ದಿತ್ತು. ಅದನ್ನು ನಾನು ಬರೆದಿರಲಿಲ್ಲ. ಅವರ ತುಟಿ ಸದ್ದಿಲ್ಲದೆ ಆವೋ ಆವೋ ಎಂದಿತು. ಅದೂ ಇಳಿಯಿತು. ಖಾಲಿ ಆಕಾಶ ಉಳಿಯಿತು.

ಅವರು ಕುರ್ಚಿಗೆ ಬಂದು ಕೂತರು. ಹೊರಗೆ ಇನ್ನೂ ಬೆಳಕಿತ್ತು.

"ಇನ್ನೊಂದ್ಸಲ ಹಾಕ್ಲಾ ಅಬ್ಬಾ?" ಎಂದಳು ಗೆಳತಿ. ಅವಳ ಬೆರಳು ಆಗಲೇ ಗುಂಡಿಯ ಮೇಲಿತ್ತು.

ಅವರು ಅವಳ ಕೈ ಹಿಡಿದು ಪಕ್ಕಕ್ಕೆ ಸರಿಸಿದರು.

"ಬೇಡ ಬೇಟಾ. ಈಗ ತಾನೇ ಇಳಿದಾವೆ. ಮತ್ತೆ ಎಬ್ಬಿಸ್ಬೇಡ."